ಗೋಷ್ಠಿಯ ರೆಕಾರ್ಡಿಂಗ್ ಇದೆ, ನಾಲ್ವರಿಗೆ ನಾಲ್ಕೇ ವಾಕ್ಯ ಬರೆಯಬೇಕು. ಹೇಗೆ?

ಕೆರೆಏರಿ

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನಲ್ಲಿ ಹೋದ ತಿಂಗಳು ಎರಡು ದಿನದ ಸಮ್ಮೇಳನ ನಡೆಯಿತು. ಅದರಲ್ಲಿ ಕೆ.ಸಿ. ವ್ಯಾಲಿ ಯೋಜನೆ ಬಗ್ಗೆ ಒಂದು ಗೋಷ್ಠಿ ಇತ್ತು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಬಿಡುತ್ತಾರಲ್ಲ, ಅದೇ. ರೆಕಾರ್ಡಿಂಗ್ 1 ಗಂಟೆ 34 ನಿಮಿಷ ಇದೆ. ಮಾತಾಡಿದವರು ನಾಲ್ವರು: ಒಬ್ಬರು ನಿವೃತ್ತ ಎಂಜಿನಿಯರ್, ಒಬ್ಬರು ಅಂತರ್ಜಲ ಸಂಶೋಧಕಿ, ಒಬ್ಬರು ಕೆರೆ ಹೋರಾಟಗಾರರು, ಒಬ್ಬರು ಟೊಮ್ಯಾಟೊ ಬೆಳೆಯುವ ರೈತರು. ಜೊತೆಗೆ ನಿರೂಪಕರು.

ಸ್ಮರಣ ಸಂಚಿಕೆಯಲ್ಲಿ ನನಗೆ ಕೊಟ್ಟಿರುವುದು ಒಂದೇ ಪುಟ. ನಾಲ್ಕು ಫೋಟೊ, ಪ್ರತಿ ಫೋಟೊ ಕೆಳಗೆ ಅವರು ಹೇಳಿದ ಮುಖ್ಯ ಮಾತು ಒಂದು ವಾಕ್ಯದಲ್ಲಿ. ನಾನು ಬರೆದದ್ದು ಇದು:

ಎಂಜಿನಿಯರ್: ಯೋಜನೆಯ ಇತಿಹಾಸವನ್ನು ಸವಿವರವಾಗಿ ತಿಳಿಸಿ, ದಿನಕ್ಕೆ 44 ಕೋಟಿ ಲೀಟರ್ ನೀರು ಬರುತ್ತಿದೆ ಎಂದರು.
ಸಂಶೋಧಕಿ: ಅಂತರ್ಜಲ ಏರಿಕೆಯ ಮಹತ್ವವನ್ನು ವಿವರಿಸಿದರು.
ಹೋರಾಟಗಾರರು: ಯೋಜನೆಯನ್ನು ತೀವ್ರವಾಗಿ ವಿರೋಧಿಸಿದರು.
ರೈತರು: ರೈತರ ಸಂಕಷ್ಟವನ್ನು ತೋಡಿಕೊಂಡರು.

ಸಂಪಾದಕರು ನೋಡಿ, "ಇದನ್ನು ಆಹ್ವಾನ ಪತ್ರಿಕೆ ನೋಡಿಯೇ ಬರೆಯಬಹುದಿತ್ತು" ಅಂತ ವಾಪಸ್ ಕಳಿಸಿದರು. ಮೂರು ಸಲ ಕೇಳಿ ಬರೆದದ್ದು. ಬೇಜಾರಾಯಿತು. ಇದರಲ್ಲಿ ಏನು ತಪ್ಪಿದೆ?

ಬೇಗಮುಗಿಸು

ಇದಕ್ಕೆ ಸುಲಭದ ದಾರಿ ಇದೆ ಮೇಡಂ. ಯಾವ ಗೋಷ್ಠಿ ಆದರೂ ಕೊನೆಗೆ ನಿರೂಪಕರು "ಒಂದೊಂದು ನಿಮಿಷದಲ್ಲಿ ನಿಮ್ಮ ಕೊನೆ ಮಾತು ಹೇಳಿ" ಅಂತಾರೆ. ಅಲ್ಲಿಗೆ ಹೋಗಿ, ಆ ನಾಲ್ಕು ನಿಮಿಷ ಕೇಳಿ, ಬರೆದುಕೊಳ್ಳಿ. ಅವರೇ ಸಾರಾಂಶ ಹೇಳಿರುತ್ತಾರೆ. ಒಂದೂವರೆ ಗಂಟೆ ಕೇಳುವ ಕರ್ಮ ಯಾಕೆ? ನಾನು ಹೀಗೆ ಹತ್ತಾರು ವರದಿ ಬರೆದಿದ್ದೇನೆ.

ದೋಸೆಕಲ್ಲು

ಒಬ್ಬೊಬ್ಬರದು ಒಂದೊಂದು ತುಣುಕು ಬೇಕು ಅಂದರೆ ffmpeg ಸಾಕು. ವಿಡಿಯೊ ಎಡಿಟರ್ ಏನೂ ಬೇಡ. ಸಮಯ ಕೊಟ್ಟರೆ ಅಷ್ಟೇ ಕತ್ತರಿಸಿ ಕೊಡುತ್ತದೆ:

```
ffmpeg -ss 00:47:10 -to 00:49:30 -i goshti.mp4 -vn -c:a copy tundu.m4a
```

ಇದು ಬರೀ ಧ್ವನಿ. ಚಿತ್ರವೂ ಬೇಕಾದರೆ `-vn -c:a copy` ಬದಲು `-c copy` ಹಾಕಿ, ಕೊನೆಯ ಹೆಸರು `tundu.mp4` ಮಾಡಿ. ರೀಲ್ಸ್‌ಗೆ ಹಾಕುವುದಾದರೆ ಉದ್ದ ಎಷ್ಟು ಬೇಕು ಹೇಳಿ.

ಕೆರೆಏರಿ

ದೋಸೆಕಲ್ಲು ಸರ್, ರೀಲ್ಸ್ ಅಲ್ಲ, ಅಚ್ಚಿಗೆ ಹೋಗುವ ವಾಕ್ಯ. ಆದರೂ ಆ ಕಮಾಂಡ್ ಬರೆದಿಟ್ಟುಕೊಂಡೆ.

ಬೇಗಮುಗಿಸು ಸರ್, ನಿಮ್ಮ ಮಾತಿನಂತೆ ಕೊನೆಗೆ ಹೋಗಿ ಕೇಳಿದೆ. ಎಂಜಿನಿಯರ್ ಅವರ "ಕೊನೆ ಮಾತು" ಪೂರ್ತಿ ಕಾಲೇಜಿಗೆ, ಆಡಳಿತ ಮಂಡಳಿಗೆ, ಊಟಕ್ಕೆ ಧನ್ಯವಾದ. ರೈತರಿಗೆ ಕೊನೆ ಮಾತಿನ ಅವಕಾಶವೇ ಸಿಗಲಿಲ್ಲ, ಅಷ್ಟರಲ್ಲಿ ಊಟದ ಗಂಟೆ ಆಗಿತ್ತು. ಸಂಶೋಧಕಿಯವರು "ನಾನು ಹೇಳಬೇಕಾದ್ದು ಆಗಲೇ ಹೇಳಿದೆ" ಅಂತ ಮೈಕ್ ಕೆಳಗಿಟ್ಟರು. ಸರಿಯಾಗಿ ಮಾತಾಡಿದ್ದು ಹೋರಾಟಗಾರರು ಒಬ್ಬರೇ.

ಹಳೇಟೇಪು

ನಾನು 20 ವರ್ಷಕ್ಕೂ ಜಾಸ್ತಿ ಸಭೆಗಳ ನಡಾವಳಿ ಬರೆದವನು, ಕ್ಯಾಸೆಟ್ ಕಾಲದಿಂದ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ.

ನಿಮ್ಮ ನಾಲ್ಕು ವಾಕ್ಯದಲ್ಲಿ ಮೂರು, ಅವರು ಯಾವುದರ ಬಗ್ಗೆ ಮಾತಾಡಿದರು ಅಂತ ಹೇಳುತ್ತವೆ. ಏನು ಹೇಳಿದರು ಅಂತ ಹೇಳುವುದಿಲ್ಲ. "ಮಹತ್ವವನ್ನು ವಿವರಿಸಿದರು" ಅಂದರೆ ಓದಿದವನ ಕೈಗೆ ಏನು ಸಿಕ್ಕಿತು? ಏನೂ ಇಲ್ಲ. ವಿವರಿಸಿದರು, ತಿಳಿಸಿದರು, ಬೆಳಕು ಚೆಲ್ಲಿದರು, ತೋಡಿಕೊಂಡರು... ಈ ಕ್ರಿಯಾಪದಗಳು ಬಂದರೆ ನಾನು ಪೆನ್ನು ನಿಲ್ಲಿಸುತ್ತೇನೆ. ಹೆಸರು ಅದಲುಬದಲು ಮಾಡಿ ನೋಡಿ. ಸಂಶೋಧಕಿಯ ವಾಕ್ಯವನ್ನು ಎಂಜಿನಿಯರ್ ಫೋಟೊ ಕೆಳಗೆ ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗಬೇಕು.

ಬೇಗಮುಗಿಸು ಹೇಳಿದ್ದು ಅರ್ಧ ಸರಿ. ಕೆಲಸಕ್ಕೆ ಬರುವ ಮಾತು ಮೊದಲಿಗಿಂತ ಕೊನೆಯ ಅರ್ಧದಲ್ಲೇ ಜಾಸ್ತಿ ಸಿಗುತ್ತದೆ. ಆದರೆ ಅದು ಕೊನೆಯ ನಿಮಿಷದಲ್ಲಲ್ಲ, ಸಭಿಕರು ಪ್ರಶ್ನೆ ಕೇಳುವಾಗ. ಮೊದಲಿನ ಹತ್ತು ನಿಮಿಷ ಎಲ್ಲರೂ ಮನೆಯಿಂದ ತಯಾರಿ ಮಾಡಿಕೊಂಡು ಬಂದದ್ದನ್ನು ಒಪ್ಪಿಸುತ್ತಾರೆ. ಯಾರೋ ಎದ್ದು ನಿಂತು "ಹಾಗಾದರೆ ಇದಕ್ಕೇನಂತೀರಿ?" ಅಂದಾಗ ಮನುಷ್ಯ ತನ್ನ ನಿಜವಾದ ನಿಲುವಿಗೆ ಬರುತ್ತಾನೆ. "ಹಾಗಲ್ಲ", "ಅಲ್ಲ ನೋಡಿ", "ನಾನು ಹೇಳಿದ್ದು ಅದಲ್ಲ" ಅನ್ನುವ ಮಾತು ಬಂದ ಕಡೆ ಕಿವಿ ಇಡಿ. ಅದರ ಮುಂದಿನ ಎರಡು ವಾಕ್ಯದಲ್ಲಿ ನಿಮಗೆ ಬೇಕಾದ್ದು ಇರುತ್ತದೆ.

ಕೆಲಸ ಹೀಗೆ ಮಾಡಿ. ಮೊದಲ ಸಲ ಏನೂ ಬರೆಯದೆ ಒಂದೂವರೆ ಪಟ್ಟು ವೇಗದಲ್ಲಿ ಕೇಳಿ. VLC ಇದ್ದರೆ `]` ಒತ್ತಿದರೆ ವೇಗ ಹೆಚ್ಚುತ್ತದೆ, `[` ಒತ್ತಿದರೆ ತಗ್ಗುತ್ತದೆ, `=` ಒತ್ತಿದರೆ ಮಾಮೂಲಿ. ಎರಡನೇ ಸಲ ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ: ಸಮಯ, ಯಾರು, ಏನಂದರು. ಎಲ್ಲವನ್ನೂ ಬರೆಯಬೇಡಿ. ಒಬ್ಬರು ಒಪ್ಪಬಹುದಾದ, ಇನ್ನೊಬ್ಬರು ಅಲ್ಲಗಳೆಯಬಹುದಾದ ಮಾತು ಮಾತ್ರ ಬರೆಯಿರಿ. "ನೀರು ಜೀವಜಲ" ಅನ್ನುವುದನ್ನು ಯಾರೂ ಅಲ್ಲಗಳೆಯುವುದಿಲ್ಲ, ಬಿಟ್ಟುಬಿಡಿ. ಆಮೇಲೆ ಹಾಳೆ ಕತ್ತರಿಸಿ ಒಬ್ಬೊಬ್ಬರದನ್ನು ಬೇರೆ ಗುಡ್ಡೆ ಮಾಡಿ. ನಾನು ಈಗಲೂ ಕತ್ತರಿಯಲ್ಲೇ ಕತ್ತರಿಸುವುದು, ನೀವು ಎಕ್ಸೆಲ್‌ನಲ್ಲಿ ಮಾಡಿಕೊಳ್ಳಿ.

ಬೋರ್‌ವೆಲ್‌ಬಾಬು

ನಮ್ಮೂರು ಕೋಲಾರದ ಪಕ್ಕವೇ. ಈ ನೀರಿನ ಬಗ್ಗೆ ಏನು ಗೋಷ್ಠಿ ಮಾಡುತ್ತೀರೋ ಗೊತ್ತಿಲ್ಲ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಿಟ್ಟಾಗ ನಾವೆಲ್ಲ ನೋಡಲು ಹೋಗಿದ್ದೆವು. ಆಮೇಲೆ ನೊರೆ ಬಂತು, ಕೋರ್ಟಿಗೆ ಹೋಯಿತು, ನಿಂತಿತು, ಮತ್ತೆ ಶುರುವಾಯಿತು. ಈಗ ಕೆರೆಯಲ್ಲಿ ನೀರಿದೆ, ಜೊಂಡೂ ಇದೆ. ಬರಗಾಲದಲ್ಲಿ ಬೆಳೆದವರಿಗೆ ತುಂಬಿದ ಕೆರೆ ನೋಡುವುದೇ ಒಂದು ಖುಷಿ. ಆದರೆ ಅದೇ ನೀರಲ್ಲಿ ಕೈ ತೊಳೆಯಲು ಹೆಂಡತಿ ಬಿಡುವುದಿಲ್ಲ.

ಕೆರೆಏರಿ

ಬಾಬಣ್ಣ, ಆ ಚರ್ಚೆಗೆ ಇಳಿದರೆ ನನ್ನ ಪುಟ ಮುಗಿಯುವುದಿಲ್ಲ.

ಬೋರ್‌ವೆಲ್‌ಬಾಬು

ಸರಿ ಅಮ್ಮ. ಆದರೆ ಒಂದು ಹೇಳಿ ಹೋಗುತ್ತೇನೆ. "ದಿನಕ್ಕೆ 44 ಕೋಟಿ ಲೀಟರ್ ಬರುತ್ತಿದೆ" ಅಂತ ಬರೆದಿದ್ದೀರಿ. 440 ಎಂಎಲ್‌ಡಿ, ಅಂದರೆ ದಿನಕ್ಕೆ 44 ಕೋಟಿ ಲೀಟರ್, ಅನ್ನುವುದು ಯೋಜನೆಯ ಸಾಮರ್ಥ್ಯ, ಅಷ್ಟು ನೀರು ಸಾಗಿಸಲು ಕಟ್ಟಿದ್ದು ಅಂತ. ದಿನಾ ಅಷ್ಟೇ ಬರುತ್ತದೆ ಅಂತ ಅಲ್ಲ. ಎಂಜಿನಿಯರ್ ಆಗಿದ್ದವರು ಆ ತಪ್ಪು ಮಾಡಿರಲಿಕ್ಕಿಲ್ಲ. ಮತ್ತೊಮ್ಮೆ ಕೇಳಿ.

ಕೆರೆಏರಿ

ಕೇಳಿದೆ. 0:08:40ಕ್ಕೆ ಅವರ ಮಾತು: "440 ಎಂಎಲ್‌ಡಿಗೆ ಡಿಸೈನ್ ಮಾಡಿರೋದು." "ಬರುತ್ತಿದೆ" ಅಂದದ್ದು ಅವರಲ್ಲ, ನಿರೂಪಕರು! "ಅಂದ್ರೆ ದಿನಾ 44 ಕೋಟಿ ಲೀಟರ್ ಬರ್ತಾ ಇದೆ, ಅದ್ಭುತ" ಅಂದರು, ಚಪ್ಪಾಳೆ ಬಿತ್ತು. ನಾನು ಅದನ್ನೇ ಎಂಜಿನಿಯರ್ ಬಾಯಿಗೆ ಹಾಕಿದ್ದೆ. ಬಾಬಣ್ಣ, ನಿಮಗೆ ದೊಡ್ಡ ನಮಸ್ಕಾರ.

ಶಿರಸಿಮಳೆ

ಇದೇ ತಪ್ಪು ನಾನೂ ಮಾಡಿದ್ದೆ. ಅಡಿಕೆ ಕೊಳೆರೋಗದ ಬಗ್ಗೆ ನಮ್ಮ ಕಡೆ ಒಂದು ಗೋಷ್ಠಿ ಇತ್ತು. ವಿಜ್ಞಾನಿಯೊಬ್ಬರು ಬೋರ್ಡೊ ದ್ರಾವಣವನ್ನು ಮಳೆಗಾಲ ಶುರುವಾಗುವ ಮೊದಲೇ ಒಂದು ಸಲ ಹೊಡೆಯಬೇಕು, ಮಳೆ ಮುಂದುವರಿದರೆ ಮತ್ತೆ ಹೊಡೆಯಬೇಕಾಗುತ್ತದೆ ಅಂದರು. ನಿರೂಪಕರು ಸಮಯ ಆಯಿತು ಅಂತ "ಒಟ್ಟಿನಲ್ಲಿ ಮಳೆಗೆ ಮೊದಲು ಒಂದು ಸಲ ಹೊಡೆದರೆ ನಿಶ್ಚಿಂತೆ" ಅಂತ ಮುಗಿಸಿದರು. ನಾನು ಅದನ್ನೇ ವಿಜ್ಞಾನಿಯ ಹೆಸರಲ್ಲಿ ಬರೆದೆ. ಎರಡನೇ ದಿನ ಅವರ ಫೋನು. "ತಂಗೀ, ಒಂದು ಸಲ ಹೊಡೆದು ಸುಮ್ನೆ ಕೂತವರ ಅಡಿಕೆ ಉದುರಿದರೆ ಬಂದು ನನ್ನನ್ನು ಕೇಳುತ್ತಾರೆ, ನಿನ್ನನ್ನಲ್ಲ."

ಅವತ್ತಿನಿಂದ ನಿರೂಪಕರ ಮಾತನ್ನು ಹಾಳೆಯಲ್ಲಿ ಬೇರೆ ಬಣ್ಣದಲ್ಲಿ ಬರೆಯುತ್ತೇನೆ. ಅವರ ಕೆಲಸವೇ ಬೇರೆಯವರ ಮಾತನ್ನು ಉರುಟು ಮಾಡಿ ಹೇಳುವುದು. ಉರುಟು ಮಾಡುವಾಗ ಷರತ್ತು ಉದುರಿಹೋಗುತ್ತದೆ.

ಹಳೇಟೇಪು

ಶಿರಸಿಮಳೆಯವರ ಮಾತಿಗೆ ಒಂದು ಸೇರಿಸುತ್ತೇನೆ. ನಿರೂಪಕರು ಹೀಗೆ ಉರುಟು ಮಾಡಿ ಹೇಳುವಾಗ ಪಕ್ಕದಲ್ಲಿ ಕೂತವರು "ಹ್ಞಾಂ ಹ್ಞಾಂ" ಅನ್ನುತ್ತಾರೆ. ನಮ್ಮಲ್ಲಿ "ಹ್ಞಾಂ" ಅಂದರೆ ಒಪ್ಪಿಗೆ ಅಂತಲೇ ಅಲ್ಲ. ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ, ಅಂತಲೂ ಆಗುತ್ತದೆ. ಅದರ ಹಿಂದೆಯೇ "ಆದ್ರೆ" ಬಂತಾ ನೋಡಿ.

ಕೆರೆಏರಿ

ಸರ್, ನೀವು ಹೇಳಿದ್ದೇ ಸಂಶೋಧಕಿಯವರ ವಿಷಯದಲ್ಲಿ ಆಗಿದೆ.

0:31ರಲ್ಲಿ ಅವರು, ತಾವು ನೋಡಿದ ಬಾವಿಗಳಲ್ಲಿ ನೀರಿನ ಮಟ್ಟ ಏರಿದೆ ಅಂದರು. ನಿರೂಪಕರು "ಅಂದ್ರೆ ಯೋಜನೆ ಗೆದ್ದಿದೆ ಅಂತಾಯ್ತು" ಅಂದರು. ಅವರು "ಹ್ಞಾಂ ಹ್ಞಾಂ, ಆದ್ರೆ..." ಅನ್ನುವಷ್ಟರಲ್ಲಿ ಮೈಕ್ ಕುಂಯ್ ಅಂತು, ಎಲ್ಲರೂ ನಕ್ಕರು, ಮಾತು ಮುಂದಿನವರಿಗೆ ಹೋಯಿತು. ನಾನು ಮೂರು ಸಲ ಕೇಳಿದರೂ ಆ "ಆದ್ರೆ" ನನ್ನ ಕಿವಿಗೆ ಬಿದ್ದಿರಲಿಲ್ಲ.

ಆ "ಆದ್ರೆ" ಮುಂದುವರಿದದ್ದು 0:54ಕ್ಕೆ, ಬೇರೆ ಯಾವುದೋ ಪ್ರಶ್ನೆಗೆ ಉತ್ತರವಾಗಿ. ಅವರು ಹೇಳಿದ್ದು ಹೀಗೆ: ನಮ್ಮದು ಗಟ್ಟಿ ಬಂಡೆಯ ನೆಲ, ನೀರು ಇಳಿಯುವುದು ಬಂಡೆಯ ಬಿರುಕುಗಳಲ್ಲಿ. ಬಿರುಕು ಎಲ್ಲಿದೆಯೋ ಅಲ್ಲಿಗೆ ನೀರು. ಹಾಗಾಗಿ ಒಂದು ಬಾವಿ ತುಂಬಿದರೆ ಪಕ್ಕದ ತೋಟದ್ದು ಒಣಗಿಯೇ ಇರಬಹುದು. ಆಮೇಲೆ, "ನೀರು ಎಷ್ಟು ಮೇಲೆ ಬಂತು ಅನ್ನೋದು ಒಂದು ಪ್ರಶ್ನೆ, ಹೆಂಥಾ ನೀರು ಬಂತು ಅನ್ನೋದು ಇನ್ನೊಂದು. ಒಂದಕ್ಕೆ ಉತ್ತರ ಕೊಟ್ಟು ಎರಡಕ್ಕೂ ಅಂತ ತಿಳ್ಕೋಬಾರ್ದು."

ಈಗ ಬರೆದದ್ದು: ಬಾವಿಗಳಲ್ಲಿ ನೀರಿನ ಮಟ್ಟ ಏರಿದ್ದು ನಿಜ, ಆದರೆ ಆ ನೀರು ಹೇಗಿದೆ ಎಂಬುದನ್ನು ಬಾವಿ ಬಾವಿಗೂ ಬೇರೆಯಾಗಿ ಪರೀಕ್ಷಿಸದೆ ಹೇಳಲಾಗದು.

ಹಳೇಟೇಪು

ಇದು ವಾಕ್ಯ. ಒಂದೇ ತಕರಾರು. "ಬಾವಿಗಳಲ್ಲಿ" ಅಂದರೆ ಎಲ್ಲ ಬಾವಿ ಅಂತಾಗುತ್ತದೆ. ಅವರು "ನಾವು ನೋಡಿದ ಬಾವಿಗಳಲ್ಲಿ" ಅಂದಿದ್ದಾರೆ. ಆ ಎರಡು ಪದ ಉಳಿಸಿ. ಸಂಶೋಧಕರಿಗೆ ಆ ಎರಡು ಪದವೇ ಪ್ರಾಣ.

ಬೇಗಮುಗಿಸು

ಸರಿ, ಕೊನೆ ನಿಮಿಷದ್ದು ನನ್ನ ತಪ್ಪು ಅಂತ ಒಪ್ಪಿದೆ. ಆದರೆ ಹೋರಾಟಗಾರರ ಮಾತಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹೋರಾಟಗಾರರು ವಿರೋಧಿಸುತ್ತಾರೆ. ಅದನ್ನೇ ಬರೆದಿದ್ದೀರಿ. ಮುಗಿಯಿತು.

ಕೆರೆಏರಿ

ನಾನೂ ಹಾಗೇ ಅಂದುಕೊಂಡಿದ್ದೆ. ಈ ಭಾಗ ನೋಡಿ, 0:47ರಿಂದ. ಅವರ ಮಾತನ್ನು ಇದ್ದ ಹಾಗೇ ಬರೆದಿದ್ದೇನೆ:

"ಈ ನೀರು ಬಿಡ್ಲೇಬಾರ್ದು. ಪೈಪ್ ಕಿತ್ತಾಕ್ಬೇಕು. ಒಂದ್ ತೊಟ್ಟೂ ಬೇಡ."

ಇದಕ್ಕಿಂತ ವಿರೋಧ ಇನ್ನೇನು ಬೇಕು? ಆದರೆ 1:17ಕ್ಕೆ ಒಬ್ಬ ವಿದ್ಯಾರ್ಥಿ "ನೀರು ನಿಲ್ಲಿಸಿದರೆ ಕೆರೆ ಮತ್ತೆ ಒಣಗುತ್ತದಲ್ಲ ಸಾರ್?" ಅಂತ ಕೇಳಿದ. ಅದಕ್ಕೆ ಅವರು "ನಿಲ್ಲಿಸಿ ಅಂತ ನಾನೆಲ್ಲಿ ಹೇಳ್ದೆ?" ಅಂದರು. ಎರಡೂ ಒಬ್ಬರದೇ ಧ್ವನಿ. ಈಗ ಯಾವುದನ್ನು ಹಿಡಿಯಲಿ?

ಹಳೇಟೇಪು

0:47ಕ್ಕಿಂತ ಎರಡು ನಿಮಿಷ ಹಿಂದಕ್ಕೆ ಹೋಗಿ ಕೇಳಿ. ಪ್ರತಿ ವಾಕ್ಯದ ಕೊನೆ ಗಮನವಿಟ್ಟು ಕೇಳಿ. ನನಗೇನೋ ಅನುಮಾನ.

ಕೆರೆಏರಿ

ದೋಸೆಕಲ್ಲು ಸರ್ ಕೊಟ್ಟ ಕಮಾಂಡಿನಲ್ಲಿ ಆ ಭಾಗ ಕತ್ತರಿಸಿ, ಹೆಡ್‌ಫೋನ್ ಹಾಕಿ, ನಿಧಾನ ಮಾಡಿ ಕೇಳಿದೆ.

0:45ಕ್ಕೆ ಅವರು "ನಮ್ಮಲ್ಲಿ ಎರಡು ಥರದವ್ರು ಇದಾರೆ" ಅಂತ ಶುರು ಮಾಡಿದ್ದಾರೆ. ಒಂದು ಕಡೆಯವರ ಮಾತು ಹೇಳಿ, ಆಮೇಲೆ ಇನ್ನೊಂದು ಕಡೆಯವರದ್ದು: "ಇನ್ನು ಕೆಲವ್ರು, ಈ ನೀರು ಬಿಡ್ಲೇಬಾರ್ದು, ಪೈಪ್ ಕಿತ್ತಾಕ್ಬೇಕು, ಒಂದ್ ತೊಟ್ಟೂ ಬೇಡ ಅಂತಾರೆ." ಆ "ಅಂತಾರೆ" ಚಪ್ಪಾಳೆಯಲ್ಲಿ ಮುಳುಗಿಹೋಗಿದೆ! "ಒಂದ್ ತೊಟ್ಟೂ ಬೇಡ" ಅನ್ನುತ್ತಿದ್ದಂತೆ ಸಭೆ ಚಪ್ಪಾಳೆ ಹೊಡೆದಿದೆ. ಹಿಂದಿನ "ಕೆಲವ್ರು" ನಾನು ಗಮನಿಸಿರಲಿಲ್ಲ.

ಒಬ್ಬ ಮನುಷ್ಯ ಹೇಳಿದ್ದರ ತದ್ವಿರುದ್ಧವನ್ನು ಅವರ ಫೋಟೊ ಕೆಳಗೆ ಹಾಕುವವಳಿದ್ದೆ. ಕೈ ನಡುಗಿತು.

ಹಳೇಟೇಪು

ನಮ್ಮ ಭಾಷೆಯಲ್ಲಿ ಇದೊಂದು ಪೇಚು. ಮಾತು ಯಾರದು ಅನ್ನುವುದು ವಾಕ್ಯದ ಬಾಲದಲ್ಲಿ ಇರುತ್ತದೆ. ಅಂತಾರೆ, ಅಂತೆ, ಅಂದ್ಕೊಂಡಿದಾರೆ. ಬಾಲ ಕೇಳಿಸದಿದ್ದರೆ ತಲೆ ಉಲ್ಟಾ. ಇನ್ನೊಂದು, ನಾವು ನಾನು, ಅವರು ಅನ್ನುವುದನ್ನೂ ಹೇಳದೆ ಬಿಡುತ್ತೇವೆ. "ಬಿಡಬಾರದು" ಅಂದರೆ ಯಾರು ಬಿಡಬಾರದು, ಏನನ್ನು? ಬರೆಯುವಾಗ ಅದನ್ನು ನೀವು ತುಂಬಲೇಬೇಕು. ತಪ್ಪು ನುಗ್ಗುವುದು ಅಲ್ಲೇ. ನಾನು ಹಾಳೆಯಲ್ಲಿ ಹೀಗೆ ತುಂಬಿದ ಪದಕ್ಕೆ ಸುತ್ತು ಹಾಕಿಡುತ್ತೇನೆ. ಒಂದು ವಾಕ್ಯದಲ್ಲಿ ಸುತ್ತು ಜಾಸ್ತಿ ಆಯಿತೆಂದರೆ ಅದು ಅವರ ವಾಕ್ಯ ಅಲ್ಲ, ನನ್ನದು.

ಮಾತು ಇದ್ದಕ್ಕಿದ್ದಂತೆ ತಿರುಗಿದರೆ, ಅಂದರೆ ಒಬ್ಬರೇ 0:47ಕ್ಕೆ ಒಂದು, 1:17ಕ್ಕೆ ಇನ್ನೊಂದು ಹೇಳಿದರೆ, ಹತ್ತರಲ್ಲಿ ಎಂಟು ಸಲ ಕೇಳಿಸಿಕೊಂಡವರದೇ ತಪ್ಪು. ಉಳಿದ ಎರಡು ಸಲ ಅವರು ನಿಜಕ್ಕೂ ಮನಸ್ಸು ಬದಲಿಸಿರುತ್ತಾರೆ. ಆಗ ಕೊನೆಯದ್ದನ್ನು ಹಿಡಿಯಬೇಕು.

ಶಿರಸಿಮಳೆ

ಹಾಗಾದರೆ ಅವರ ನಿಜವಾದ ಮಾತು ಏನು?

ಕೆರೆಏರಿ

ಅವರ ಗುಡ್ಡೆಯಲ್ಲಿ ಎರಡು ಬೇಡಿಕೆ ಇವೆ. ಒಂದು, ಈಗ ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿ ಕಳಿಸುತ್ತಿದ್ದಾರೆ, ಮೂರನೇ ಹಂತದ ಸಂಸ್ಕರಣೆಯೂ ಆಗಬೇಕು. ಎರಡನೇ ಹಂತದಲ್ಲಿ ಕೊಳೆಯುವ ವಸ್ತು ಹೋಗುತ್ತದೆ, ಸಾರಜನಕ, ರಂಜಕ ಬಹಳಷ್ಟು ಉಳಿಯುತ್ತವೆ, ಜೊಂಡು ಬೆಳೆಯುವುದು ಅದರಿಂದಲೇ ಅಂತ ಅವರ ವಾದ. ಎರಡು, ಕೆರೆ ಕೆರೆಗೂ ನೀರು ಪರೀಕ್ಷೆ ಮಾಡಿ ಫಲಿತಾಂಶವನ್ನು ಆ ಊರಿನ ಪಂಚಾಯ್ತಿ ಗೋಡೆಗೆ ಅಂಟಿಸಬೇಕು. ಯಾವುದು ಮುಖ್ಯ?

ಬೋರ್‌ವೆಲ್‌ಬಾಬು

ಮೂರನೇ ಹಂತದ್ದೇ! ಅದು ಬಿಟ್ಟು ಗೋಡೆಗೆ ಕಾಗದ ಅಂಟಿಸುವುದನ್ನು ಬರೆದರೆ ಹೋರಾಟವನ್ನೇ ನೀರು ಮಾಡಿದಂತೆ. ಇಲ್ಲಿ ಎಲ್ಲರೂ ಇಷ್ಟು ವರ್ಷ ಕೇಳಿದ್ದು ಅದನ್ನೇ.

ಹಳೇಟೇಪು

ಎಲ್ಲರೂ ಕೇಳಿದ್ದು ಅದೇ ಅನ್ನುವುದೇ ನನ್ನ ಅನುಮಾನಕ್ಕೆ ಕಾರಣ. ಈ ಮನುಷ್ಯ ಈ ವೇದಿಕೆಗೆ ಹೊಸದಾಗಿ ತಂದದ್ದು ಏನು? ಎಷ್ಟು ಸಲ ತಾನಾಗಿ ಆ ಮಾತಿಗೆ ವಾಪಸ್ ಬಂದರು? ಎಣಿಸಿ ನೋಡಿ ಮೇಡಂ.

ಕೆರೆಏರಿ

ಮೂರನೇ ಹಂತ ಒಂದು ಸಲ. ಗೋಡೆಗೆ ಅಂಟಿಸುವುದು ಮೂರು ಸಲ, ಅದರಲ್ಲಿ ಎರಡು ಸಲ ಯಾರೂ ಕೇಳದೆ. ಆದರೆ ಬಾಬಣ್ಣ ಹೇಳುವುದನ್ನೂ ತಳ್ಳಿಹಾಕಲು ಮನಸ್ಸಿಲ್ಲ. ಯಾಕೆಂದರೆ 1:18ಕ್ಕೆ ಅವರೇ ಎರಡನ್ನೂ ಗಂಟು ಹಾಕಿದ್ದಾರೆ: "ಮೂರನೇ ಹಂತ ಆಗೋವರ್ಗೂ ನಮ್ಗೆ ಗೊತ್ತಾಗೋದಾದ್ರೂ ಬೇಡ್ವಾ?"

ಮೂರನೇ ಹಂತದ ಸಂಸ್ಕರಣೆ ಆಗುವವರೆಗೆ, ಪ್ರತಿ ಕೆರೆಯ ನೀರಿನ ಪರೀಕ್ಷೆಯ ಫಲಿತಾಂಶವನ್ನು ಆ ಊರಿನ ಪಂಚಾಯ್ತಿ ಗೋಡೆಯ ಮೇಲೆ ಹಾಕಬೇಕು.

ಬೋರ್‌ವೆಲ್‌ಬಾಬು

ಪರವಾಗಿಲ್ಲ. ಪೂರ್ತಿ ಒಪ್ಪಿಗೆ ಇಲ್ಲ.

ದೋಸೆಕಲ್ಲು

ಎಂಜಿನಿಯರ್ ಎಷ್ಟು ಹೊತ್ತು ಮಾತಾಡಿದರು? ಅವರಿಗೆ ಜಾಸ್ತಿ ಜಾಗ ಕೊಡಬೇಕಲ್ವಾ?

ಕೆರೆಏರಿ

ಎಂಜಿನಿಯರ್ 38 ನಿಮಿಷ, ಸಂಶೋಧಕಿ 22, ಹೋರಾಟಗಾರರು 18, ರೈತರು 4. ಉಳಿದದ್ದು ನಿರೂಪಕರದು, ಸಭಿಕರದು.

ಎಂಜಿನಿಯರ್ ಗುಡ್ಡೆಯೇ ಎಲ್ಲಕ್ಕಿಂತ ದೊಡ್ಡದು, ಆದರೆ ಬಹುಪಾಲು ಪಂಪು, ಪೈಪು, ಹಂತಗಳ ವಿವರ. ಎಲ್ಲ ಸರಿಯಾದ ಮಾಹಿತಿ, ಆದರೆ ಯೋಜನೆಯ ಕೈಪಿಡಿಯಲ್ಲೂ ಸಿಗುವಂಥದ್ದು. ಕೊನೆಗೆ 1:22ಕ್ಕೆ ಒಬ್ಬಳು ಹುಡುಗಿ "ವರ್ಷವಿಡೀ ಕೆರೆ ತುಂಬಿಸಿಟ್ಟರೆ ಮಳೆ ನೀರು ಎಲ್ಲಿ ನಿಲ್ಲುತ್ತೆ?" ಅಂದಳು. ಅವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ: "ಒಳ್ಳೇ ಪ್ರಶ್ನೆ. ತುಂಬಿದ ಕೆರೆಗೆ ಮಳೆ ಬಂದ್ರೆ ಕೋಡಿ ಹರಿದು ಒಳ್ಳೇ ನೀರೇ ಹೋಗುತ್ತೆ. ನನ್ನ ಕೇಳಿದ್ರೆ ಮಳೆಗಾಲಕ್ಕೆ ಮುಂಚೆ ಕೆರೆಯಲ್ಲಿ ಜಾಗ ಬಿಡ್ಬೇಕು. ಕಾಲು ಭಾಗ ಅಂತ ನನ್ನ ಅಂದಾಜು, ಲೆಕ್ಕ ಹಾಕಿಲ್ಲ."

38 ನಿಮಿಷದಲ್ಲಿ ಅದೇ ಅರ್ಧ ನಿಮಿಷ ಅವರ ಸ್ವಂತದ್ದು ಅನಿಸಿತು.

ಮಳೆಗಾಲಕ್ಕೆ ಮುಂಚೆ ಕೆರೆಗಳನ್ನು ಪೂರ್ತಿ ತುಂಬಿಸದೆ ಜಾಗ ಬಿಡಬೇಕು, ಇಲ್ಲದಿದ್ದರೆ ಕೋಡಿಯಲ್ಲಿ ಹರಿದುಹೋಗುವುದು ಮಳೆಯ ಒಳ್ಳೆಯ ನೀರೇ.

"ಕಾಲು ಭಾಗ" ಹಾಕಲಿಲ್ಲ. ಅಚ್ಚಾದರೆ ಅಂದಾಜು ಹೋಗಿ ಅಂಕಿ ಉಳಿಯುತ್ತದೆ ಅನಿಸಿತು.

ಹಳೇಟೇಪು

ಸರಿಯಾಗಿ ಮಾಡಿದಿರಿ. ರೈತರದ್ದು?

ಕೆರೆಏರಿ

ಅದೇ ಕಷ್ಟ. ಅವರು ವಾದ ಮಾಡಲಿಲ್ಲ, ಕಥೆ ಹೇಳಿದರು. 1,200 ಅಡಿ ಕೊರೆಸಿದ ಬೋರ್ ಬತ್ತಿತ್ತಂತೆ, ಪಕ್ಕದ ಕೆರೆ ತುಂಬಿದ ಮೇಲೆ ಮತ್ತೆ ನೀರು ಬಂತಂತೆ. ಆಮೇಲೆ: "ನೀರ್ ಬಂತು ಅಂತ ನಾನೇ ಎರಡೆಕ್ರೆ ಟೊಮ್ಯಾಟೊ ಜಾಸ್ತಿ ಹಾಕ್ದೆ. ನಾನ್ ಹಾಕಿದ್ಮೇಲೆ ಪಕ್ಕದವ್ನೂ ಹಾಕ್ದ. ಈ ಲೆಕ್ಕ ಯಾರೂ ಹಿಡೀತಿಲ್ಲ." ಅಷ್ಟೇ. ಕೂತುಬಿಟ್ಟರು. ಇದನ್ನು ನಾನು "ಸಂಕಷ್ಟ ತೋಡಿಕೊಂಡರು" ಅಂತ ಬರೆದಿದ್ದೆ! ಅವರು ಸಂಕಷ್ಟ ಅಂದೇ ಇಲ್ಲ.

ಹೀಗೆ ಬರೆದೆ: ಕೆರೆ ತುಂಬಿದ ಮೇಲೆ ರೈತರು ಹೆಚ್ಚಿಗೆ ನೀರೆತ್ತುವುದಕ್ಕೆ ಮಿತಿ ಹಾಕಬೇಕು.

ಶಿರಸಿಮಳೆ

ಅಯ್ಯೋ, ಬೇಡ. "ಮಿತಿ ಹಾಕಬೇಕು" ಅಂತ ಅವರು ಎಲ್ಲಿ ಹೇಳಿದರು? ಊರಿನವರು ಓದಿದರೆ ಅವರ ಮನೆ ಮುಂದೆ ಜಗಳ.

ಹಳೇಟೇಪು

ಹೌದು, ಆ "ಬೇಕು" ನಿಮ್ಮದು. ಕಥೆ ಹೇಳಿದವರಿಗೆ ನಾವು ನೀತಿ ಅಂಟಿಸುತ್ತೇವೆ, ಅದು ಬರೆಯುವವರ ಚಟ. ಅವರು ನಿಂತ ಜಾಗದಲ್ಲೇ ನೀವೂ ನಿಲ್ಲಿ. ಅವರು ನಿಂತದ್ದು "ಯಾರೂ ಲೆಕ್ಕ ಹಿಡೀತಿಲ್ಲ" ಅನ್ನುವಲ್ಲಿ.

ಕೆರೆಏರಿ

ನೀರು ಬಂತೆಂದು ನಾನೂ ಪಕ್ಕದವನೂ ಟೊಮ್ಯಾಟೊ ಹೆಚ್ಚಿಗೆ ಹಾಕಿದೆವು, ಈ ಲೆಕ್ಕ ಯಾರೂ ಹಿಡಿಯುತ್ತಿಲ್ಲ.

ಉಳಿದ ಮೂವರದ್ದು ನನ್ನ ವಾಕ್ಯ, ಇವರದ್ದು ಮಾತ್ರ "ನಾನು" ಅಂತ ಬಂದಿದೆ. ಒಂದೇ ಪುಟದಲ್ಲಿ ವಿಚಿತ್ರ ಕಾಣುತ್ತದೆಯೇನೋ.

ಬೇಗಮುಗಿಸು

ಕಾಣಲಿ ಬಿಡಿ. ನಾಲ್ಕರಲ್ಲಿ ನನಗೆ ನೆನಪಿರುವುದು ಅದೊಂದೇ.

ಕೆರೆಏರಿ

ಮೂರು ದಿನದ ನಂತರ ಬರೆಯುತ್ತಿದ್ದೇನೆ. ಹಳೇಟೇಪು ಸರ್ ಖಾಸಗಿಯಾಗಿ ಹೇಳಿದಂತೆ ನಾಲ್ವರಿಗೂ ಅವರವರ ವಾಕ್ಯ, ಅದು ಬಂದ ಸಮಯ, ಎರಡು ನಿಮಿಷದ ಧ್ವನಿ ತುಣುಕು ಕಳಿಸಿದೆ. "ಹೇಗಿದೆ?" ಅಂತ ಕೇಳಲಿಲ್ಲ, "ನೀವು ಹೇಳಿದ್ದಕ್ಕಿಂತ ಬೇರೆ ಅರ್ಥ ಬರುತ್ತದೆಯಾ?" ಅಂತ ಕೇಳಿದೆ.

ಸಂಶೋಧಕಿ ಮತ್ತು ಹೋರಾಟಗಾರರು ಸರಿ ಅಂದರು. ರೈತರು ಫೋನಿನಲ್ಲಿ ನಕ್ಕು, "ಪಕ್ಕದವ್ನ ಹೆಸರು ಹಾಕಿಲ್ಲ ತಾನೇ?" ಅಂದರು.

ಎಂಜಿನಿಯರ್ ತಕರಾರು ತೆಗೆದಿದ್ದಾರೆ. "ಅದು ಸುಮ್ನೆ ಬಾಯಿಗೆ ಬಂದದ್ದಮ್ಮ. ಮನೆಗೆ ಬಂದು ಯೋಚಿಸಿದೆ. ಎಲ್ಲ ಕೆರೆಗೂ ಅದು ಹೊಂದುವುದಿಲ್ಲ, ಸಾಲಿನಲ್ಲಿ ಮೇಲಿನ ಕೆರೆಗೆ ಒಂದು ನ್ಯಾಯ, ಕೆಳಗಿನ ಕೆರೆಗೆ ಒಂದು ನ್ಯಾಯ. ಅದು ತೆಗೆದು ಸಾಮರ್ಥ್ಯದ ವಿಷಯ ಹಾಕು" ಅಂತಾರೆ.

ಹಳೇಟೇಪು

ಗೋಷ್ಠಿಯಲ್ಲಿ ಹೇಳಿದ್ದು ಹೇಳಿದ್ದೇ. ನೀವು ಬರೆಯುತ್ತಿರುವುದು ಅವತ್ತಿನ ಗೋಷ್ಠಿಯ ಪುಟ. ಅರ್ಥ ತಪ್ಪಾಗಿದ್ದರೆ ತಿದ್ದಿ, ಮನಸ್ಸು ಬದಲಾಗಿದ್ದರೆ ಬೇಡ. ಸಭೆಯಲ್ಲಿ 200 ಜನ ಕೇಳಿಸಿಕೊಂಡಿದ್ದಾರೆ.

ಶಿರಸಿಮಳೆ

ನಾನು ಒಪ್ಪುವುದಿಲ್ಲ ಸರ್. ವಿಧಾನಸಭೆಯ ನಡಾವಳಿ ಅಲ್ಲ ಇದು. ಓದಿದವರು ಅವರ ಈಗಿನ ಅಭಿಪ್ರಾಯ ಅಂತಲೇ ತಿಳಿಯುತ್ತಾರೆ. ತಾನೇ ತಪ್ಪು ಅಂದದ್ದನ್ನು ಫೋಟೊ ಕೆಳಗೆ ಹಾಕಿದರೆ ಹೇಗೆ?

ಬೋರ್‌ವೆಲ್‌ಬಾಬು

ಮೇಲಿನ ಕೆರೆ, ಕೆಳಗಿನ ಕೆರೆ ಅಂದರಲ್ಲ, ಅದನ್ನೇ ಹಾಕಿ. "ಸಾಲಿನ ಕೆಲವು ಕೆರೆಗಳಲ್ಲಾದರೂ ಜಾಗ ಬಿಡಬೇಕು" ಅಂತ. ನಮ್ಮೂರದು ಕೆಳಗಿನ ಕೆರೆ, ಮೇಲೆ ಕೋಡಿ ಹರಿದರೇ ನಮಗೆ ನೀರು.

ಕೆರೆಏರಿ

ಬಾಬಣ್ಣ, "ಕೆಲವು ಕೆರೆಗಳಲ್ಲಾದರೂ" ಅಂತ ಅವರು ಸಭೆಯಲ್ಲೂ ಹೇಳಿಲ್ಲ, ಫೋನಿನಲ್ಲೂ ಹೇಳಿಲ್ಲ. ಅದು ನಿಮ್ಮ ವಾಕ್ಯ.

ಪುಟ ಅಚ್ಚಿಗೆ ಹೋಗುವುದು ಸೋಮವಾರ. ಎಂಜಿನಿಯರ್ ಅವರ ಮನೆ ಇಲ್ಲೇ ಎರಡು ಬೀದಿ ಆಚೆ. ನಾಳೆ ಬೆಳಿಗ್ಗೆ ರೆಕಾರ್ಡಿಂಗ್ ತೆಗೆದುಕೊಂಡು ಹೋಗಿ, ಅವರ ಎದುರೇ 1:22 ಹಾಕಿ ಕೇಳಿಸುತ್ತೇನೆ. ಏನಂದರು ಅಂತ ಬಂದು ಬರೆಯುತ್ತೇನೆ.